ಬೋರಿನ ನೀರನ್ನು ಬಕೆಟ್‌ನಲ್ಲಿ ಅಳೆದ ಮೇಲೆ

ಹಾಯಿ ನೀರು ಬಿಟ್ಟು ಹನಿ ನೀರಾವರಿಗೆ ಬನ್ನಿ ಎಂದು ಹಳ್ಳಿಯವರನ್ನು ಒಪ್ಪಿಸಲು ಹೊರಡುವವರು ಸಾಮಾನ್ಯವಾಗಿ ಅಂತರ್ಜಲ ಕುಸಿದ ಕಥೆಯಿಂದ ಮಾತು ಶುರುಮಾಡುತ್ತಾರೆ. ಕೋಲಾರದ ರೈತರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರ ಅಡಿ ಕೊರೆಸಿ, ಬರೀ ಕಲ್ಲಿನ ಪುಡಿ ಹಾರಿದ್ದನ್ನು ಕಂಡು, ಸಾಲ ಹೊತ್ತು ಮನೆಗೆ ಬಂದವರು ಆ ಸೀಮೆಯ ಊರೂರಲ್ಲೂ ಇದ್ದಾರೆ. ಅಂಥ ಊರಿನ ಡೈರಿ ಮುಂದೆ ಹಾಲು ಹಾಕಲು ಸೇರಿದ ಜನರೊಂದಿಗೆ ಐದು ನಿಮಿಷ ಮಾತನಾಡುವ ಅವಕಾಶ ಸಿಕ್ಕರೆ, ಜೊತೆಗೆ ಒಂದು ಬಕೆಟ್ ಇರಬೇಕು.

‘ಅಣ್ಣಾ, ನಿಮ್ಮ ಬೋರು 20 ಲೀಟರ್ ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ತಗೊಳ್ಳುತ್ತೆ?’

ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವವರು ಕಡಿಮೆ. ಬೋರಿನ ನೀರನ್ನು ‘ಎರಡು ಇಂಚು’, ‘ಒಂದೂವರೆ ಇಂಚು’ ಎಂದು ಹೇಳುವುದೇ ರೂಢಿ; ಅದು ಕೊರೆಸಿದ ದಿನದ ಅಳತೆ. ಇವತ್ತಿನ ಅಳತೆ ಬೇಕೆಂದರೆ ಮೋಟಾರು ಒಂದು ಗಂಟೆಯಾದರೂ ಓಡಿರಬೇಕು, ಏಕೆಂದರೆ ಶುರುವಿನಲ್ಲಿ ಬರುವುದು ರಾತ್ರಿಯಿಡೀ ಊರಿ ನಿಂತ ನೀರು. ಅಷ್ಟು ಹೊತ್ತಿನ ಮೇಲೂ ಬಕೆಟ್ 20 ಸೆಕೆಂಡಿಗೆ ತುಂಬಿತು ಎನ್ನೋಣ. ಸೆಕೆಂಡಿಗೆ ಒಂದು ಲೀಟರ್, ಗಂಟೆಗೆ 3,600 ಲೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಇದ್ದರೆ ಸುಮಾರು 25,000 ಲೀಟರ್ ನೀರು. ಆ ರೈತನ ಒಂದು ದಿನದ ಬಂಡವಾಳ ಇಷ್ಟೇ.

ಒಂದು ಎಕರೆ ಟೊಮೆಟೊಗೆ ಕಾಲುವೆ ಕಟ್ಟಿ ನೀರು ಹಾಯಿಸಿದರೆ ಏನಾಗುತ್ತದೆ? ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಒಂದು ಹಾಯಿಸುವಿಕೆಗೆ ಎರಡು ಇಂಚು, ಅಂದರೆ 50 ಮಿಲಿಮೀಟರ್ ಹಿಡಿದರೂ ಎರಡು ಲಕ್ಷ ಲೀಟರ್ ಆಯಿತು. ಈ ಬೋರಿಗೆ ಅದು ಎಂಟು ದಿನದ ಕೆಲಸ. ಕೊನೆಯ ಸಾಲಿಗೆ ನೀರು ಮುಟ್ಟುವ ಹೊತ್ತಿಗೆ ಮೊದಲ ಸಾಲು ಒಣಗಿ ಬಾಡಿರುತ್ತದೆ. ಮಣ್ಣಿನ ಕಾಲುವೆಯಲ್ಲಿ ಇಂಗಿ ಹೋಗುವ ನೀರು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ನೀರು ಬೇಗ ಕೆಳಗಿಳಿಯುತ್ತದೆ, ಬೇರಿಗೆ ಸಿಗದ ಆಳಕ್ಕೆ ಯೂರಿಯಾವನ್ನೂ ಎಳೆದುಕೊಂಡು ಹೋಗುತ್ತದೆ. ಗಿಡಕ್ಕೆ ಒಂದು ದಿನ ಹಬ್ಬ, ಏಳು ದಿನ ಉಪವಾಸ. ಟೊಮೆಟೊ ಇದನ್ನು ಸಹಿಸುವುದಿಲ್ಲ. ಒಣಗಿದ ಗಿಡ ಒಮ್ಮೆಲೆ ನೀರು ಹೀರಿದಾಗ ಹಣ್ಣು ಬಿರಿಯುತ್ತದೆ. ತೇವ ಏರುಪೇರಾದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ತಳಭಾಗ ಕಪ್ಪಾಗಿ ಕೊಳೆಯುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸ್ ತೆರೆದಾಗ ಇಂಥ ಹಣ್ಣಿಗೆ ಬೆಲೆ ಬೀಳುತ್ತದೆ.

ಹನಿ ನೀರಾವರಿಯ ಲೆಕ್ಕ ಬೇರೆ. ಸಾಲಿನಿಂದ ಸಾಲಿಗೆ ನಾಲ್ಕು ಅಡಿ ಬಿಟ್ಟರೆ ಎಕರೆಗೆ ಹೆಚ್ಚುಕಡಿಮೆ 3,400 ಮೀಟರ್ ಪೈಪು ಹಿಡಿಯುತ್ತದೆ. ಅದರಲ್ಲಿ 40 ಸೆಂಟಿಮೀಟರಿಗೊಂದು ತೂತು, ಪ್ರತಿ ತೂತಿನಿಂದ ಗಂಟೆಗೆ ಎರಡು ಲೀಟರ್ ನೀರು. ಒಟ್ಟು ಸುಮಾರು 8,400 ತೂತು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಗಂಟೆಗೆ 17,000 ಲೀಟರ್ ಬೇಕು. ಬೋರಿನಲ್ಲಿ ಇರುವುದು 3,600. ಹನಿ ನೀರಾವರಿ ಹಾಕಿಸಿ ಸೋತ ಎಷ್ಟೋ ರೈತರ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಒಂದೇ ವಾಲ್ವ್ ಇಟ್ಟು ಇಡೀ ಎಕರೆಗೆ ನೀರು ಬಿಟ್ಟಾಗ ಒತ್ತಡ ಸಾಲದೆ ಹತ್ತಿರದ ಗಿಡ ಕುಡಿಯುತ್ತದೆ, ದೂರದ ಗಿಡ ಒಣಗುತ್ತದೆ. ಆಮೇಲೆ ‘ಡ್ರಿಪ್ಪು ನಮ್ಮ ಹೊಲಕ್ಕೆ ಆಗಿಬರಲಿಲ್ಲ’ ಎಂದು ಪೈಪು ಸುತ್ತಿ ಮೂಲೆಗೆ ಹಾಕುತ್ತಾರೆ.

ದಾರಿ ಸರಳವಾಗಿದೆ. ಎಕರೆಯನ್ನು ಐದು ಭಾಗ ಮಾಡಿ ಐದು ವಾಲ್ವ್ ಇಡುವುದು. ಒಂದು ಭಾಗಕ್ಕೆ ಗಂಟೆಗೆ ಸುಮಾರು 3,400 ಲೀಟರ್ ಸಾಕು, ಬೋರು ಅಷ್ಟನ್ನು ಕೊಡುತ್ತದೆ. ಫಸಲು ತುಂಬಿ ನಿಂತ ಬಿಸಿಲಿನ ದಿನಗಳಲ್ಲಿ ಎಕರೆಗೆ ದಿನಕ್ಕೆ ಸುಮಾರು 16,000 ಲೀಟರ್ ಬೇಕಾಗಬಹುದು. ಭಾಗಕ್ಕೊಂದು ಗಂಟೆಯಂತೆ ಐದು ಗಂಟೆಯಲ್ಲಿ ಅದು ಮುಗಿಯುತ್ತದೆ. ಪ್ರತಿ ಗಿಡಕ್ಕೆ ಪ್ರತಿದಿನ ಎರಡು ಲೀಟರಿನಷ್ಟು ನೀರು ಸಿಕ್ಕ ಮೇಲೂ ಎರಡು ಗಂಟೆ ಕರೆಂಟು ಉಳಿದಿರುತ್ತದೆ. ಸಸಿ ಚಿಕ್ಕದಿದ್ದಾಗ ಇದರ ಅರ್ಧವೂ ಬೇಡ.

ಹಾಯಿ ನೀರಿಗೆ ಒಗ್ಗಿದ ಕಣ್ಣಿಗೆ ಇದು ಸಾಲದು ಎನಿಸುವುದು ಸಹಜ. ಮಣ್ಣಿನ ಮೇಲೆ ನೀರೇ ಕಾಣುವುದಿಲ್ಲ, ಸಾಲಿನ ನಡುವೆಲ್ಲ ಒಣಗಿರುತ್ತದೆ. ಆ ಅನುಮಾನದಿಂದ ಇನ್ನೊಂದು ಗಂಟೆ ಬಿಟ್ಟರೆ ಉಳಿತಾಯವೂ ಹೋಯಿತು, ಗೊಬ್ಬರವೂ ಬೇರಿನ ಕೆಳಗೆ ಹೋಯಿತು. ನೋಡಬೇಕಾದ್ದು ಒಳಗಿನ ಮಣ್ಣನ್ನು. ಗಿಡದ ಪಕ್ಕ ಅರ್ಧ ಅಡಿ ಬಗೆದು ಮಣ್ಣು ಹಿಡಿದು ಹಿಸುಕಿದರೆ ಉಂಡೆಯಾಗಬೇಕು, ಅಂಗೈಗೆ ಕೆಸರು ಮೆತ್ತಬಾರದು.

ಪೈಪಿನೊಳಗೆ ಕಸ ಕಟ್ಟುವುದು ಎರಡನೇ ತೊಂದರೆ. ಹನಿ ಬೀಳುವ ದಾರಿ ಬಹಳ ಕಿರಿದು. ಬೋರಿನ ನೀರಿನ ಮರಳು, ಕೃಷಿ ಹೊಂಡದ ಪಾಚಿ, ಗಡಸು ನೀರಿನ ಸುಣ್ಣ ಮೂರೂ ಅದನ್ನು ಮುಚ್ಚುತ್ತವೆ. ಸಾಲಿನ ಕೊನೆಯ ಮುಚ್ಚಳವನ್ನು ವಾರಕ್ಕೊಮ್ಮೆ ತೆಗೆದು ತಿಳಿನೀರು ಬರುವ ತನಕ ಹರಿಯಬಿಡಬೇಕು, ಫಿಲ್ಟರ್ ಬಿಚ್ಚಿ ತೊಳೆಯಬೇಕು. ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲ ತೂತಿನ ಕೆಳಗೊಂದು, ಕೊನೆಯ ತೂತಿನ ಕೆಳಗೊಂದು ಡಬ್ಬಿ ಇಟ್ಟು 15 ನಿಮಿಷ ಕಾದರಾಯಿತು. ಎರಡರಲ್ಲೂ ಅರ್ಧ ಲೀಟರ್ ಇರಬೇಕು. ಕೊನೆಯದರಲ್ಲಿ ಮಾತ್ರ ತೀರ ಕಡಿಮೆಯಿದ್ದರೆ ಒತ್ತಡ ಸಾಲದು, ಇಲ್ಲವೇ ಪೈಪು ಎಲ್ಲೋ ಒಡೆದಿದೆ ಅಥವಾ ಕಟ್ಟಿದೆ. ತೂತಿನ ಸುತ್ತ ಬಿಳಿ ಪೊರೆ ಕಂಡರೆ ಅದು ಸುಣ್ಣ. ಅದಕ್ಕೆ ಆಸಿಡ್ ಬಿಡುವ ಕ್ರಮವಿದೆ, ಆದರೆ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಿಂದ ಕೇಳಿಯೇ ಮಾಡಬೇಕು. ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು, ಮೈಮೇಲೆ ಸಿಡಿಯುತ್ತದೆ.

ಗೊಬ್ಬರವನ್ನೂ ಇದೇ ಪೈಪಿನಲ್ಲಿ ಕೊಡಬಹುದು. ಆದರೆ ಪೂರ್ತಿ ಕರಗುವಂಥದ್ದನ್ನು ಮಾತ್ರ. ಮಾಮೂಲಿ ಡಿಎಪಿ ಪೂರ್ತಿ ಕರಗದೆ ಗಸಿ ಉಳಿಸುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ರಂಜಕದ ಗೊಬ್ಬರ ಬೆರೆಸಿದರೆ ಬಿಳಿ ಗಸಿ ಕೂತು ಪೈಪು ಕಟ್ಟುತ್ತದೆ. ಗೊಬ್ಬರ ಬಿಟ್ಟ ಮೇಲೆ ಹತ್ತು ನಿಮಿಷವಾದರೂ ಬರಿ ನೀರು ಓಡಿಸಬೇಕು.

ಎಲ್ಲರ ಹೊಲಕ್ಕೂ ಇದೇ ಮದ್ದು ಎಂದು ಭಾಷಣದಲ್ಲಿ ಹೇಳಬಾರದು. ನೀರು ನಿಲ್ಲಿಸಿಯೇ ಬೆಳೆಯುವ ಭತ್ತದ ಗದ್ದೆಗೆ ಈ ಲೆಕ್ಕ ಹೊಂದುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಾಲೆ ನೀರು ಬರುವ ಕಡೆ ನೀರು ಹಿಡಿದಿಡಲು ಹೊಂಡ ಬೇಕು. ಇನ್ನೊಂದು ಮಾತನ್ನು ಬಿಚ್ಚಿ ಹೇಳಲೇಬೇಕು: ಉಳಿದ ಎರಡು ಗಂಟೆಯ ನೀರಿನಿಂದ ಪಕ್ಕದ ಅರ್ಧ ಎಕರೆಗೂ ಪೈಪು ಎಳೆದರೆ ಆ ರೈತನ ಆದಾಯ ಹೆಚ್ಚಬಹುದು, ಬೋರಿನಿಂದ ಎತ್ತುವ ನೀರು ಮಾತ್ರ ಮೊದಲಿನಷ್ಟೇ ಇರುತ್ತದೆ. ಬೋರು ಇನ್ನಷ್ಟು ವರ್ಷ ಬಾಳಬೇಕೆಂದರೆ ಆ ಎರಡು ಗಂಟೆ ಮೋಟಾರು ಆಫ್ ಆಗಿರಬೇಕು.

ಖರ್ಚಿನ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಕರ್ನಾಟಕದಲ್ಲಿ ಹನಿ ನೀರಾವರಿಗೆ ಸಹಾಯಧನದ ಯೋಜನೆ ಇದೆ. ತೋಟಗಾರಿಕೆ ಬೆಳೆಯಾದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ, ಉಳಿದ ಬೆಳೆಯಾದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಸಹಾಯಧನ ಬರುತ್ತದೆಂದು ಪೈಪು ಹಾಕುವವರು ತಂದಿದ್ದನ್ನೆಲ್ಲ ಒಪ್ಪಿಕೊಳ್ಳಬೇಕಾಗಿಲ್ಲ. ಸಹಿ ಹಾಕುವ ಮೊದಲು ಹೊಲದ ನಕ್ಷೆಯನ್ನು ಕಾಗದದ ಮೇಲೆ ಬರೆಸಿಕೊಂಡು, ತಮ್ಮ ಬೋರಿನ ಬಕೆಟ್ ಅಳತೆ ಹೇಳಿ, ಎಷ್ಟು ವಾಲ್ವ್, ಒಂದೊಂದಕ್ಕೆ ಗಂಟೆಗೆ ಎಷ್ಟು ಲೀಟರ್ ಎಂದು ಕೇಳಬೇಕು.