ಇಲ್ಲದ ಸ್ತಂಭ, ಬೇರೆಡೆಗೆ ಹೋದ ಹೆಸರು

ಯಡ್ತರೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ಅಂಗೈಯಗಲದ ಕಪ್ಪು ಬಿಳುಪಿನ ಛಾಯಾಚಿತ್ರವೊಂದು ದೊರೆಯಿತು. ಎತ್ತರವಾದ ಚೂಪು ಕಲ್ಲಿನ ಸ್ತಂಭದ ಮುಂದೆ ಪಂಚೆಯುಟ್ಟು, ಕೋಟು ತೊಟ್ಟ ಯುವಕರೊಬ್ಬರು ನಿಂತಿದ್ದಾರೆ. ಅವರು ಆ ಮನೆಯ ಅಜ್ಜಯ್ಯನವರು. ನಮ್ಮ ಕಡೆಯ ಅನೇಕರಂತೆ ಅವರೂ ಎಳೆಯ ವಯಸ್ಸಿನಲ್ಲೇ ಹೋಟೆಲ್ ಕೆಲಸಕ್ಕೆಂದು ಘಟ್ಟ ಹತ್ತಿದವರು. ಚಿತ್ರದ ಬೆನ್ನ ಮೇಲೆ ಶಾಯಿಯಲ್ಲಿ ‘ಸೆನೊಟಾಫ್ ರಸ್ತೆ’ ಎಂದು ಬರೆದಿದೆ. ಊರಿನ ಹೆಸರಾಗಲಿ ಇಸವಿಯಾಗಲಿ ಇಲ್ಲ. ಅಜ್ಜಯ್ಯ ನಿಂತ ಜಾಗದಲ್ಲೇ ತಾನೂ ನಿಂತು ಒಂದು ಚಿತ್ರ ತೆಗೆಸಿಕೊಳ್ಳಬೇಕೆಂಬುದು ಮೊಮ್ಮಗನ ಆಸೆ.

ಅವನು ಮೊಬೈಲಿನ ನಕ್ಷೆಯಲ್ಲಿ ಆ ಹೆಸರನ್ನು ಹುಡುಕಿದನು. ನಕ್ಷೆಯು ಚೆನ್ನೈ ನಗರದ ತೇನಾಂಪೇಟೆಯಲ್ಲಿರುವ ಸೆನೊಟಾಫ್ ರಸ್ತೆಯನ್ನು ತೋರಿಸಿತು. ಮನೆಯವರಿಗೆ ಸಂಶಯವೇ ಬರಲಿಲ್ಲ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತಲ್ಲವೇ? ಅಜ್ಜಯ್ಯ ಅಲ್ಲಿಗೂ ಹೋಗಿರಬಹುದೆಂದರು. ಆ ರಸ್ತೆಯಲ್ಲಿ ಈಗ ಯಾವ ಸ್ಮಾರಕವೂ ಇಲ್ಲವೆಂದು ತಿಳಿದಾಗಲೂ ಯಾರೂ ವಿಚಲಿತರಾಗಲಿಲ್ಲ. “ಕೆಡವಿರಬೇಕು ಮಾಣಿ, ಎಷ್ಟು ವರ್ಷ ಆಯ್ತು!” ಎಂದು ಅಜ್ಜಮ್ಮ ಹೇಳಿದರಂತೆ.

ತಪ್ಪು ನಡೆದುದು ಇಲ್ಲಿಯೇ. ‘ಕೆಡವಿರಬೇಕು’ ಎಂಬ ಮಾತು ಯಾವ ಜಾಗಕ್ಕೂ ಒಪ್ಪುತ್ತದೆ. ಚಿತ್ರದಲ್ಲಿರುವ ಕಟ್ಟಡ ಇಂದು ಒಂದೆಡೆ ಕಾಣದಿದ್ದರೆ ಅದು ಆ ಸ್ಥಳದ ಪರವಾದ ಸಾಕ್ಷಿಯೂ ಅಲ್ಲ, ವಿರೋಧವಾದ ಸಾಕ್ಷಿಯೂ ಅಲ್ಲ. ಚೆನ್ನೈಯ ಆ ರಸ್ತೆಗೆ ಹೆಸರು ಬಂದುದು ಕಾರ್ನ್‌ವಾಲಿಸನ ಸ್ಮಾರಕದಿಂದ. ಅದು ಕೆಡವಲ್ಪಟ್ಟಿಲ್ಲ, ಸ್ಥಳಾಂತರಗೊಂಡು ಈಗ ಸೇಂಟ್ ಜಾರ್ಜ್ ಕೋಟೆಯಲ್ಲಿದೆ. ಅದರ ಆಕಾರವನ್ನು ನೋಡಿದ್ದರೆ ಸಾಕಿತ್ತು. ಅದು ಕಂಬಗಳ ಮೇಲೆ ಗುಮ್ಮಟವಿರುವ ಮಂಟಪ; ನಮ್ಮ ಚಿತ್ರದಲ್ಲಿರುವುದು ಮೇಲೇರುತ್ತ ಕಿರಿದಾಗುವ ಚೂಪು ಸ್ತಂಭ. ಮಂಟಪವನ್ನು ಯಾವ ಕೋನದಿಂದ ತೆಗೆದರೂ ಸ್ತಂಭವಾಗಿ ಕಾಣದು.

ಆ ಸ್ತಂಭವಿದ್ದುದು ಬೆಂಗಳೂರಿನಲ್ಲಿ. 1791ರಲ್ಲಿ ಇದೇ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಕೋಟೆಯನ್ನು ಮುತ್ತಿದಾಗ ಮಡಿದ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ಅದನ್ನು ನಿಲ್ಲಿಸಲಾಗಿತ್ತು. ಒಂದೇ ಹೆಸರು ಎರಡು ನಗರಗಳಲ್ಲಿ ಬಂದುದಕ್ಕೆ ಹೀಗೆ ಒಂದು ನಂಟೂ ಉಂಟು. ಸ್ವಾತಂತ್ರ್ಯ ಬಂದ ಮೇಲೆ ಪರಕೀಯರ ಈ ಸ್ಮಾರಕ ನಗರದ ನಡುವೆ ಏಕಿರಬೇಕೆಂಬ ಕೂಗೆದ್ದು, 1964ರ ಅಕ್ಟೋಬರ್ 28ರಂದು ಅದನ್ನು ಕೆಡವಲಾಯಿತು. ಅದರ ಹೆಸರು ಹೊತ್ತಿದ್ದ ರಸ್ತೆಯು ನೃಪತುಂಗ ರಸ್ತೆಯಾಯಿತು. ಹೆಸರು ಬದಲಾದುದು ಉಚಿತವೇ ಆಗಿದ್ದಿರಬಹುದು. ಆ ಚರ್ಚೆ ನಮಗೆ ಬೇಡ. ಹುಡುಕುವವನ ಪಾಲಿಗೆ ಮಾತ್ರ ಕಲ್ಲು ಮತ್ತು ಹೆಸರು ಎರಡೂ ಒಟ್ಟಿಗೇ ಅಳಿದು ಹೋದವು. ಬೆಂಗಳೂರಿನಲ್ಲಿ ನೆಲೆ ಕಳೆದುಕೊಂಡ ಹೆಸರು, ತಾನು ಇನ್ನೂ ಬದುಕಿರುವ ಚೆನ್ನೈಯತ್ತ ಬೆರಳು ತೋರಿಸಿತು.

ಇದು ದೊಡ್ಡ ನಗರಗಳ ಸಂಗತಿ ಮಾತ್ರವೆಂದು ಭಾವಿಸಬೇಕಾಗಿಲ್ಲ. ನಮ್ಮ ಯಡ್ತರೆಯ ಬಳಿಯ ಹೆದ್ದಾರಿಯನ್ನೇ ನೋಡಿರಿ. 2010ರಲ್ಲಿ ಸಂಖ್ಯೆಗಳು ಬದಲಾಗುವವರೆಗೆ ಅದು ರಾಷ್ಟ್ರೀಯ ಹೆದ್ದಾರಿ 17, ಈಗ 66. ಹಳೆಯ ಚಿತ್ರವೊಂದರಲ್ಲಿ ‘17’ ಎಂಬ ಮೈಲಿಗಲ್ಲು ಕಂಡು ಇಂದಿನ ನಕ್ಷೆಯಲ್ಲಿ ಹುಡುಕಿದವನು ಬಂಗಾಳ–ಅಸ್ಸಾಮಿನ ಹೆದ್ದಾರಿಗೆ ಹೋಗಿ ನಿಲ್ಲುತ್ತಾನೆ, ಏಕೆಂದರೆ ಆ ಸಂಖ್ಯೆ ಈಗ ಅಲ್ಲಿಯದು. ರಸ್ತೆಯನ್ನು ಚತುಷ್ಪಥ ಮಾಡುವಾಗ ಅಂಚಿನ ಕಟ್ಟಡಗಳು ಹೋದವು, ರಸ್ತೆಯ ನಡುಗೆರೆಯೂ ಮೊದಲಿದ್ದಲ್ಲಿ ಉಳಿಯಲಿಲ್ಲ. ಆದುದರಿಂದ ‘ರಸ್ತೆಯಿಂದ ಇಪ್ಪತ್ತು ಹೆಜ್ಜೆ’ ಎಂಬ ಹಿರಿಯರ ಲೆಕ್ಕವನ್ನು ಇಂದಿನ ರಸ್ತೆಯಿಂದ ಅಳೆಯಲಾಗದು. ಹಿನ್ನೆಲೆಯಲ್ಲಿ ಕಾಣುವ ಒತ್ತಿನೆಣೆಯ ಗುಡ್ಡವನ್ನಾದರೂ ನಂಬೋಣವೆಂದರೆ, ಅದನ್ನೂ ಹೆದ್ದಾರಿಗಾಗಿ ಕಡಿಯಲಾಗಿದೆ. ಕಡಿಯದೆ ಉಳಿದ ಮೇಲಂಚಿನ ಗೆರೆಯನ್ನು ಮಾತ್ರ ಹೋಲಿಸಬಹುದು.

ಅಜ್ಜಯ್ಯನ ಚಿತ್ರಕ್ಕೆ ಮರಳೋಣ. ನಾವು ಅದನ್ನು ಭೂತಕನ್ನಡಿಯ ಕೆಳಗಿಟ್ಟು, ಸ್ತಂಭವನ್ನೂ ಬೆನ್ನ ಮೇಲಿನ ಬರಹವನ್ನೂ ಬದಿಗಿರಿಸಿ, ಉಳಿದಿರಬಹುದಾದುದನ್ನಷ್ಟೇ ಹುಡುಕಿದೆವು. ಎಡದ ಅಂಚಿನಲ್ಲಿ ಅರ್ಧ ಕಾಣುವ ಫಲಕವೊಂದರ ಮೇಲೆ ಕನ್ನಡ ಅಕ್ಷರಗಳಿದ್ದವು. ಅಕ್ಷರಗಳು ತಿರುಗುಮುರುಗಾಗಿಲ್ಲದ್ದರಿಂದ ಚಿತ್ರವನ್ನು ಎಡಬಲ ಮಗುಚಿ ಮುದ್ರಿಸಿಲ್ಲವೆಂಬುದೂ ತಿಳಿಯಿತು. ಈ ಪರೀಕ್ಷೆಯನ್ನು ಬಿಟ್ಟರೆ ಬಲಗಡೆಯ ಕಟ್ಟಡವನ್ನು ಎಡಗಡೆ ಹುಡುಕುವ ಪಾಡಾಗುತ್ತದೆ. ಸ್ತಂಭದ ಹಿಂದೆ ಮರಗಳ ನಡುವೆ ಕಲ್ಲಿನ ಗೋಡೆ, ಕಡಿದಾದ ಇಳಿಜಾರು ಮಾಡು, ಚೂಪು ಕಮಾನಿನ ಕಿಟಕಿ ಮಸುಕಾಗಿ ಕಂಡವು. ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚು ಅಂಥದು. 1904ರಲ್ಲಿ ಕಟ್ಟಿದ ಅದು ಪಾಲಿಕೆಯ ಕಟ್ಟಡದ ಸಮೀಪ ಇಂದೂ ನಿಂತಿದೆ.

ಒಂದು ಕಟ್ಟಡದ ಹೋಲಿಕೆಯಷ್ಟೇ ಸಾಲದು. ಇನ್ನು ಹಳೆಯ ನಕ್ಷೆ ಬೇಕು. ಅದೂ 1964ಕ್ಕೆ ಮೊದಲಿನದು. ಇಂದಿನ ನಕ್ಷೆಯಲ್ಲಿ ಸ್ತಂಭವಿಲ್ಲ, ಚಿತ್ರದಲ್ಲಿ ಅಳತೆಯಿಲ್ಲ. ಎರಡನ್ನೂ ಕೂಡಿಸಬಲ್ಲುದು ಹಳೆಯ ನಕ್ಷೆ ಮಾತ್ರ. ಅದರಲ್ಲಿ ಸ್ತಂಭದೊಡನೆ ಇಂದಿಗೂ ಉಳಿದಿರುವ ಎರಡು ಗುರುತುಗಳನ್ನು ಆರಿಸಿಕೊಳ್ಳಬೇಕು. ಒಂದು ಚರ್ಚು, ಮತ್ತೊಂದು ಅದೇ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿಯ ಡಾಲಿ ಸ್ಮಾರಕ ಭವನ. ಈ ಎರಡರ ನಡುವಿನ ದೂರವನ್ನು ಎರಡೂ ನಕ್ಷೆಗಳಲ್ಲಿ ಅಳೆದರೆ ಒಂದು ಇನ್ನೊಂದಕ್ಕಿಂತ ಎಷ್ಟು ಪಟ್ಟು ದೊಡ್ಡದೆಂದು ತಿಳಿಯುತ್ತದೆ. ಬಳಿಕ ಎರಡೂ ಗುರುತುಗಳಿಂದ ಸ್ತಂಭಕ್ಕಿದ್ದ ದೂರವನ್ನು ಅದೇ ಪ್ರಮಾಣದಲ್ಲಿ ಇಂದಿನ ನಕ್ಷೆಯ ಮೇಲೆ ಕೈವಾರದಿಂದ ಎಳೆಯಬೇಕು. ಎರಡು ವೃತ್ತಗಳು ಎರಡು ಕಡೆ ಕೂಡುತ್ತವೆ. ಹಳೆಯ ನಕ್ಷೆಯಲ್ಲಿ ಸ್ತಂಭವು ಯಾವ ಮಗ್ಗುಲಲ್ಲಿತ್ತೆಂದು ನೋಡಿ ಒಂದನ್ನು ಬಿಡಬೇಕು. ಕೈವಾರದ ಮೊನೆ ಇಂದಿನ ಪಾಲಿಕೆ ಕಟ್ಟಡದ ಮುಂದಣ ಭಾಗಕ್ಕೆ ಬಂದಿತು. ರಸ್ತೆಯ ಅಂಚನ್ನಾಗಲಿ ವೃತ್ತವನ್ನಾಗಲಿ ಗುರುತಾಗಿ ಹಿಡಿಯದಿರುವುದು ಲೇಸು. ಅವು ಹೆಸರಿಗಿಂತ ಬೇಗ ಬದಲಾಗುತ್ತವೆ.

ಆದರೆ ಇದರಿಂದ ದೊರೆತುದು ಸ್ತಂಭದ ಜಾಗ. ಛಾಯಾಗ್ರಾಹಕ ನಿಂತ ಜಾಗವಲ್ಲ. ಚಿತ್ರದಲ್ಲಿ ಚರ್ಚಿನ ಒಂದು ಕಿಟಕಿ ಸ್ತಂಭದ ಬಲ ಅಂಚಿಗೆ ತಾಗಿ ಕಾಣುತ್ತದೆ. ಆ ಕಿಟಕಿಯಿಂದ ಸ್ತಂಭದ ಜಾಗದ ಮೂಲಕ ಹೊರಟ ನೇರ ಗೆರೆಯ ಮೇಲೆ ಎಲ್ಲೋ ಆತ ನಿಂತಿದ್ದ. ಎಷ್ಟು ದೂರದಲ್ಲಿ ಎಂಬುದಕ್ಕೆ ಇನ್ನೊಂದು ಉಳಿದ ಕಟ್ಟಡ ಚಿತ್ರದಲ್ಲಿರಬೇಕಾಗಿತ್ತು, ಇಲ್ಲ. ಮೊಮ್ಮಗನಿಗೆ ಗೆರೆ ಸಿಕ್ಕಿತು, ಬಿಂದು ಸಿಗಲಿಲ್ಲ.

ಇಸವಿಯ ವಿಷಯದಲ್ಲಿಯೂ ಅಷ್ಟೇ. ಸ್ತಂಭ ನಿಂತಿರುವುದರಿಂದ ಚಿತ್ರವು 1964ರ ಅಕ್ಟೋಬರಿಗೆ ಮೊದಲಿನದು ಎಂಬುದು ನಿಶ್ಚಯ. ಬೆನ್ನ ಮೇಲಿನ ಹೆಸರಿಗೆ ಆ ಬಲವಿಲ್ಲ. ರಸ್ತೆಯ ಹೆಸರು ಬದಲಾದ ಮರುದಿನವೇ ಜನರ ಬಾಯಿಂದ ಹಳೆಯ ಹೆಸರು ಹೋಗುವುದಿಲ್ಲ. ಬೆಂಗಳೂರಿನ ಸೌತ್ ಪೆರೇಡ್ 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾದ ಮೇಲೂ ಹಿರಿಯರು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಅಜ್ಜಯ್ಯನೂ ಊರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ, ಯಡ್ತರೆಯ ಜಗಲಿಯಲ್ಲಿ ಕುಳಿತು ನೆನಪಿನಿಂದ ಬರೆದಿರಬಹುದು.

ಮೊಮ್ಮಗನು ಕಳೆದ ತಿಂಗಳು ಬೆಂಗಳೂರಿಗೆ ಹೋಗಿ ಬಂದನು. ಪಾಲಿಕೆ ಕಟ್ಟಡದ ಮುಂದೆ, ಚರ್ಚಿನ ಕಿಟಕಿಯನ್ನು ಹೆಗಲ ಹಿಂದಿರಿಸಿಕೊಂಡು ನಿಂತು ತೆಗೆಸಿದ ಚಿತ್ರವನ್ನು ಅಜ್ಜಮ್ಮನಿಗೆ ತೋರಿಸಿದಾಗ, “ಕಂಬ ಎಲ್ಲಿ?” ಎಂದು ಅವರು ಕೇಳಿದರಂತೆ. ಅವನು ಹಳೆಯ ಚಿತ್ರದ ಬೆನ್ನ ಮೇಲೆ, ಅಜ್ಜಯ್ಯನ ಅಕ್ಷರಗಳನ್ನು ಮುಟ್ಟದೆ, ಪೆನ್ಸಿಲಿನಿಂದ ಹೀಗೆ ಬರೆದಿಟ್ಟಿದ್ದಾನೆ: ‘ಬೆಂಗಳೂರು. ಈಗ ನೃಪತುಂಗ ರಸ್ತೆ. ಸ್ತಂಭ 1964ರಲ್ಲಿ ಹೋಯಿತು.’