‘95% ಪ್ಲೇಸ್‌ಮೆಂಟ್’ ಅಂದ್ರೆ ಯಾರಲ್ಲಿ 95?

ಸಿಇಟಿ ರ‍್ಯಾಂಕ್ ಬಂದ ವಾರ ನಮಗೆಲ್ಲ ಊರಿಂದ ಫೋನ್ ಬರುತ್ತೆ. ದೊಡ್ಡಬಳ್ಳಾಪುರದ ಚಿಕ್ಕಮ್ಮನೋ ಹೊಸಕೋಟೆಯ ಮಾವನೋ ಕೇಳ್ತಾರೆ: “ದೇವನಹಳ್ಳಿ ಕಡೆಯ ಟಾಪ್ ಟೆನ್ ಕಾಲೇಜು ಅಂತ ಒಂದು ವೆಬ್‌ಸೈಟಲ್ಲಿದೆ. ಮೊದಲನೇದಕ್ಕೇ ಸೇರಿಸಿಬಿಡೋಣ್ವಾ?”

ಇಂಥ ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ದುಡ್ಡಿನ ಗುರುತು. ಹೆಸರಿನ ಪಕ್ಕ ಸಣ್ಣಗೆ `Sponsored` ಅಥವಾ `Featured` ಅಂತಿದೆಯಾ? `Apply Now` ಬಟನ್ ಕೆಲವೇ ಕಾಲೇಜುಗಳಿಗಿದೆಯಾ? ಪಟ್ಟಿ ತೋರಿಸೋ ಮೊದಲೇ ಫೋನ್ ನಂಬರ್ ಕೇಳಿದರೆ, ಆ ನಂಬರೇ ಅವರ ಸರಕಾಗಿರಬಹುದು. ಹಾಗಿದ್ದರೆ ಮರುದಿನದಿಂದ ಮ್ಯಾನೇಜ್‌ಮೆಂಟ್ ಸೀಟಿನ ಕರೆಗಳು ಶುರುವಾಗುತ್ತವೆ.

ಗುರುತು ಸಿಗದಿದ್ದರೂ ಅಲ್ಲಿರುವ ಮಾತನ್ನೇ ಪರೀಕ್ಷಿಸಬಹುದು. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜು ತಾನು ಕೊಟ್ಟ ಅಂಕಿಅಂಶವನ್ನು ತನ್ನ ವೆಬ್‌ಸೈಟಿನಲ್ಲೇ ಹಾಕಬೇಕು. ಆ ಪಿಡಿಎಫ್‌ನಲ್ಲಿ ನಾಲ್ಕು ವರ್ಷದ ಯುಜಿ ಕೋರ್ಸಿನ `Placement & Higher Studies` ಕೋಷ್ಟಕ ಹುಡುಕಿ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಲ್ಯಾಟರಲ್ ಎಂಟ್ರಿಯವರೂ ಸೇರಿ ಒಂದು ಬ್ಯಾಚಿಗೆ 240 ಜನ ಸೇರಿದರು. ಸರಿಯಾದ ಅವಧಿಯಲ್ಲಿ ಪಾಸಾದವರು 180. ಕೆಲಸ ಸಿಕ್ಕಿದ್ದು 90 ಜನಕ್ಕೆ, ಉನ್ನತ ಓದಿಗೆ ಹೋದವರು 10. ಬ್ಯಾಕ್‌ಲಾಗ್ ಇಲ್ಲದೆ, ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಹೆಸರು ಕೊಟ್ಟ ‘ಅರ್ಹರು’ 95 ಅಂತಿಟ್ಟುಕೊಳ್ಳಿ. 90ನ್ನು 95ರಿಂದ ಭಾಗಿಸಿದರೆ ಸುಮಾರು 95%. ಓದಿಗೆ ಹೋದವರನ್ನು ಬಿಟ್ಟು 170ರಿಂದ ಭಾಗಿಸಿದರೆ 53%. ಸೇರಿದ 240ರಿಂದ ಭಾಗಿಸಿದರೆ 37.5% ಮಾತ್ರ. ಯಾವುದೂ ಸುಳ್ಳು ಲೆಕ್ಕವಲ್ಲ. ಆದರೆ ಜಾಹೀರಾತಿಗೆ ಬರೋದು ಮೊದಲನೇದು. ಛೇದ ಹೇಳದ ಶೇಕಡಾವನ್ನು ನಾವು ನಂಬಬಾರದು.

ಸಂಬಳದಲ್ಲೂ ಇದೇ ಆಟ. ‘ಹೈಯೆಸ್ಟ್ ಪ್ಯಾಕೇಜ್’ ಒಬ್ಬರ ಸಂಬಳ. ಅದೇ ಕೋಷ್ಟಕದಲ್ಲಿರುವ `Median salary` ಅಂದ್ರೆ ಕೆಲಸ ಸಿಕ್ಕವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ನಮ್ಮ ತಂಗಿಗೋ ತಮ್ಮನಿಗೋ ಎಷ್ಟು ಸಿಗಬಹುದು ಅನ್ನೋಕೆ ಹತ್ತಿರವಾದದ್ದು ಇದು.

ಆದರೆ ಈ ಅಂಕಿಗಳನ್ನೂ ಕೊಟ್ಟಿರೋದು ಕಾಲೇಜೇ. ಅದಕ್ಕೇ ಕಾಲೇಜಿನ ಕೈಯಲ್ಲಿಲ್ಲದ ಇನ್ನೊಂದು ದಾಖಲೆ ಬೇಕು: ಕೆಇಎ ಪ್ರತಿ ಸುತ್ತಿನ ನಂತರ ಪ್ರಕಟಿಸುವ ಕಟ್‌ಆಫ್ ರ‍್ಯಾಂಕ್. ಒಂದೇ ವರ್ಷ, ಒಂದೇ ಸುತ್ತು, ಒಂದೇ ಬ್ರಾಂಚ್, ಒಂದೇ ಕೆಟಗರಿ ಹಿಡಿದು ಹೋಲಿಸಿ. ಪಟ್ಟಿಯಲ್ಲಿ ಒಂದನೇ ಸ್ಥಾನದ ಕಾಲೇಜಿನ ಸೀಟು ಏಳನೇದಕ್ಕಿಂತ ತುಂಬಾ ಹಿಂದಿನ ರ‍್ಯಾಂಕಿನವರಿಗೂ ಸಿಕ್ಕಿದ್ದರೆ, ಆ ಕ್ರಮ ಹೇಗೆ ಬಂತು ಅಂತ ಕೇಳಲೇಬೇಕು. ಕಟ್‌ಆಫ್ ಹೇಳೋದು ಬೇಡಿಕೆಯನ್ನಷ್ಟೇ, ಪಾಠದ ಗುಣಮಟ್ಟವನ್ನಲ್ಲ; ನಗರದಿಂದ ದೂರ ಅನ್ನೋ ಕಾರಣಕ್ಕೂ ನಮ್ಮ ಜಿಲ್ಲೆಯ ಒಳ್ಳೆ ಕಾಲೇಜು ಹಿಂದೆ ಬೀಳಬಹುದು.

ಆದ್ದರಿಂದ ಚಿಕ್ಕಮ್ಮನಿಗೆ ನಾವು ಹೇಳೋದು ಇಷ್ಟು: ಆಪ್ಷನ್ ಎಂಟ್ರಿ ಮಾಡೋ ಮೊದಲು ಆ ಪಿಡಿಎಫ್, ಈ ಕಟ್‌ಆಫ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತ್ಕೊಳ್ಳಿ. ಅಲ್ಲೀತನಕ ಆ ವೆಬ್‌ಸೈಟಿಗೆ ಫೋನ್ ನಂಬರ್ ಕೊಡಬೇಡಿ.