ಬಾಕ್ಸಿನ ದರ ಏರಿದಾಗ ಬರೆಯುವ ಮೇಲ್

'ಕ್ರಾಫ್ಟ್ ಪೇಪರ್ ಕೆಜಿಗೆ 30ರಿಂದ 33 ರೂಪಾಯಿ ಆಗಿರುವುದರಿಂದ ಮುಂದಿನ ತಿಂಗಳಿಂದ ಬಾಕ್ಸಿಗೆ 42 ರೂಪಾಯಿ. ದಯವಿಟ್ಟು ಸಹಕರಿಸಿ.' ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಘಟಕಗಳಿಗೆ ರಟ್ಟಿನ ಬಾಕ್ಸಿನ ಸಪ್ಲೈಯರ್‌ನಿಂದ ಇಂಥ ಮೇಲ್ ಬರುವುದು ಹೊಸತಲ್ಲ. ಇಲ್ಲಿಯವರೆಗಿನ ದರ 38 ಎಂದಿಟ್ಟುಕೊಳ್ಳಿ. ತಿಂಗಳಿಗೆ 2,000 ಬಾಕ್ಸ್ ಕೊಳ್ಳುವವರಿಗೆ 8,000 ರೂಪಾಯಿ ಹೆಚ್ಚುವರಿ ಹೊರೆ. 'ತುಂಬಾ ಜಾಸ್ತಿಯಾಯ್ತು, ಸ್ವಲ್ಪ ಕಡಿಮೆ ಮಾಡಿ' ಎಂದು ಬರೆದುಬಿಡಬಹುದು. ಆದರೆ ಅದಕ್ಕೆ 'ಆಗಲ್ಲ ಸಾರ್' ಎಂದು ಉತ್ತರ ಬಂದರೆ ಮುಂದೆ ಹೇಳಲು ನಿಮ್ಮಲ್ಲಿ ಏನೂ ಉಳಿದಿರುವುದಿಲ್ಲ.

ಉತ್ತರ ಬರೆಯುವ ಮೊದಲು ಖಾಲಿ ಬಾಕ್ಸೊಂದನ್ನು ತಕ್ಕಡಿಗೆ ಹಾಕಿ. ರಟ್ಟಿನ ಬಾಕ್ಸಿನ ವೆಚ್ಚದಲ್ಲಿ ದೊಡ್ಡ ಪಾಲು ಕಾಗದದ್ದೇ. ಹಾಗಾಗಿ ಬಾಕ್ಸ್ ಮಾಡುವವರೂ ತೂಕದಿಂದಲೇ ಲೆಕ್ಕ ಶುರುಮಾಡುತ್ತಾರೆ. ನಿಮ್ಮ ಐದು ಪದರದ ಬಾಕ್ಸ್ 700 ಗ್ರಾಂ ಇದ್ದರೆ, ಕತ್ತರಿಸುವಾಗ ಹೋಗುವ ಚೂರುಪಾರನ್ನೂ ಸೇರಿಸಿ 735 ಗ್ರಾಂ ಕಾಗದ ಹಿಡಿಯಿರಿ. ಕೆಜಿಗೆ 3 ರೂಪಾಯಿ ಏರಿದರೆ ಬಾಕ್ಸಿಗೆ ಬೀಳುವುದು ಸುಮಾರು 2 ರೂಪಾಯಿ 20 ಪೈಸೆ. ಅವರು ಕೇಳಿದ್ದು 4 ರೂಪಾಯಿ. ಉಳಿದ 1 ರೂಪಾಯಿ 80 ಪೈಸೆ ಮೋಸವೆಂದು ತೀರ್ಮಾನಿಸಬೇಡಿ. ಲಾರಿ ಬಾಡಿಗೆ, ಕೂಲಿ ಏರಿರಬಹುದು. ಚೌಕಾಸಿ ಬರುತ್ತದೆಂದು ಮೊದಲೇ ಸ್ವಲ್ಪ ಸೇರಿಸಿಕೊಂಡಿರಲೂಬಹುದು. ಅದನ್ನು ಕೇಳಿ ತಿಳಿದುಕೊಳ್ಳುವುದೇ ಮೇಲಿನ ಕೆಲಸ.

ಇನ್ನೊಂದು ಲೆಕ್ಕ ನಿಮ್ಮ ಕಡೆಯದು. ನೀವು 60 ದಿನಕ್ಕೆ ದುಡ್ಡು ಕೊಡುತ್ತಿದ್ದರೆ ಆ ಸಾಲದ ಬಡ್ಡಿಯನ್ನು ಬ್ಯಾಂಕಿಗೆ ಕಟ್ಟುತ್ತಿರುವವರು ಅವರು. 15 ದಿನಕ್ಕೇ ಕೊಟ್ಟರೆ 45 ದಿನದ ಬಡ್ಡಿ ಉಳಿಯುತ್ತದೆ, ವರ್ಷಕ್ಕೆ ಶೇ. 12ರಂತೆ ಅದು ಬಾಕ್ಸಿಗೆ ಸುಮಾರು 60 ಪೈಸೆ. ಒಂದು ಎಚ್ಚರಿಕೆ: ಬಾಕ್ಸ್ ತಯಾರಿಸುವವರು ಅತಿಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿ ಉದ್ಯಮ್ ನೋಂದಣಿ ಪಡೆದಿದ್ದರೆ, 2006ರ ಎಂಎಸ್ಎಂಇ ಕಾಯ್ದೆಯಂತೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಲೇಬೇಕು, ತಡವಾದರೆ ಚಕ್ರಬಡ್ಡಿ. ಅಂಥವರ ಮುಂದೆ '45 ದಿನಕ್ಕೆ ಕೊಡುತ್ತೇನೆ' ಎನ್ನುವುದನ್ನು ಉಪಕಾರವೆಂಬಂತೆ ಇಡಬೇಡಿ, ನಗುತ್ತಾರೆ.

ಈ ಎರಡನ್ನೂ ಸೇರಿಸಿದರೆ ಮೇಲ್ ಹೀಗಾಗುತ್ತದೆ:

'ನಮಸ್ಕಾರ ಸಾರ್. ಪೇಪರ್ ದರ ಏರಿರುವುದು ಗೊತ್ತು, ಹಳೇ ದರದಲ್ಲೇ ಕೊಡಿ ಎಂದು ಕೇಳುವುದಿಲ್ಲ. ನಮ್ಮ ಬಾಕ್ಸ್ ತೂಗಿದಾಗ 700 ಗ್ರಾಂ ಇದೆ. ನೀವು ಹೇಳಿದ ಏರಿಕೆಗೆ ಸುಮಾರು 2.20 ಬರುತ್ತದೆ. ಉಳಿದ ಏರಿಕೆ ಯಾವುದರಿಂದ ಎಂದು ತಿಳಿಸಿದರೆ ಅನುಕೂಲ. ನಮ್ಮ ಕಡೆಯಿಂದ, ಬಿಲ್ ಬಂದ 15 ದಿನದಲ್ಲಿ ಹಣ ಹಾಕುತ್ತೇವೆ. ಆಗಾಗ 500ರಂತೆ ಹೇಳುವ ಬದಲು ಮೂರು ತಿಂಗಳಿಗೆ 6,000ದ ಒಂದೇ ಆರ್ಡರ್ ಕೊಡುತ್ತೇವೆ, ನೀವು ತಿಂಗಳಿಗೆ 2,000 ಕಳಿಸಿದರೆ ಸಾಕು. ಈ ಷರತ್ತಿನ ಮೇಲೆ 39.60 ಆಗುತ್ತದೆಯೇ? ಶುಕ್ರವಾರದೊಳಗೆ ತಿಳಿಸಿದರೆ ಆರ್ಡರ್ ಕಳಿಸುತ್ತೇನೆ.'

ಇಂಗ್ಲಿಷಿನಲ್ಲಿ ಬರೆದರೂ ಧಾಟಿ ಇದೇ ಇರಲಿ. ಇಲ್ಲಿ 'ಬೇರೆಯವರು 37ಕ್ಕೆ ಕೊಡುತ್ತಾರೆ' ಎಂಬ ಮಾತಿಲ್ಲ. ಒಂದೇ ಊರಿನ ಬಾಕ್ಸ್‌ನವರು ಒಬ್ಬರಿಗೊಬ್ಬರು ಪರಿಚಿತರು. ಹುಸಿ ಕೊಟೇಶನ್ ಒಂದು ಫೋನಿನಲ್ಲಿ ಬಯಲಾಗುತ್ತದೆ. ನಿಜವಾದ ಕೊಟೇಶನ್ ಕೈಯಲ್ಲಿದ್ದರೂ ಅದನ್ನು ಕೊನೆಗೆ, ಫೋನಿನಲ್ಲಿ ಹೇಳುವುದೇ ಮೇಲು. ಹಾಗೆಯೇ ಮೇಲನ್ನು ಅವರ ಯಜಮಾನರಿಗೂ ಪ್ರತಿ ಹಾಕಿ ಕಳಿಸಬೇಡಿ. ನಿಮ್ಮ ಲೋಡು ದಿನಾ ಏರಿಸಿ ಕಳಿಸುವ ಮ್ಯಾನೇಜರ್‌ಗೆ ಅದು ದೂರಿನಂತೆ ಕಾಣುತ್ತದೆ, ತುರ್ತಿದ್ದ ದಿನ ಅವರೇ ಬೇಕಾಗುವವರು.

ಉತ್ತರ '40.25 ಮಾಡಿಕೊಡುತ್ತೇವೆ, ಬಾಡಿಗೆಯೂ ಜಾಸ್ತಿಯಾಗಿದೆ' ಎಂದು ಬಂದರೆ ಒಪ್ಪಿಕೊಳ್ಳಿ ಎನ್ನುತ್ತೇನೆ. ಇನ್ನೂ ಹತ್ತು ಪೈಸೆಗೆ ಜಗ್ಗುವ ಬದಲು ಎರಡು ವಿಷಯವನ್ನು ಮರುಮೇಲಿನಲ್ಲಿ ದಾಖಲಿಸಿ: ಮೂರು ತಿಂಗಳು ದರ ಸ್ಥಿರ, ಆಮೇಲೆ ಪೇಪರ್ ಇಳಿದರೆ ಇದೇ ಲೆಕ್ಕದಲ್ಲಿ ಬಾಕ್ಸೂ ಇಳಿಯಬೇಕು. ಏರುವಾಗ ಬರುವ ಮೇಲ್ ಇಳಿಯುವಾಗ ತಾನಾಗಿ ಬರುವುದಿಲ್ಲ.

ಮೂರನೆಯದೊಂದು ಸಾಲನ್ನು ಬಹಳ ಜನ ಮರೆಯುತ್ತಾರೆ: ಪದರ, ಕಾಗದದ ಜಿಎಸ್ಎಂ, ಬಿಎಫ್ ಮತ್ತು ಬಾಕ್ಸಿನ ತೂಕ ಮೊದಲಿನಂತೆಯೇ ಇರಬೇಕು ಎಂಬುದು. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಬಿಎಫ್ ಎಂದರೆ ಒತ್ತಡಕ್ಕೆ ಒಡೆಯದೆ ತಡೆಯುವ ಅದರ ಶಕ್ತಿಯ ಅಳತೆ. ಹಿಂಡಿ ಹಿಂಡಿ ದರ ಇಳಿಸಿದಾಗ ಸಪ್ಲೈಯರ್ ನಷ್ಟವನ್ನು ತುಂಬಿಕೊಳ್ಳುವುದು ಇಲ್ಲೇ. ಬಾಕ್ಸ್ ನೋಡಲು ಹಾಗೆಯೇ ಇರುತ್ತದೆ. ಗೋಡೌನಿನಲ್ಲಿ ಆರು ಸಾಲು ಪೇರಿಸಿದಾಗ ಅಡಿಯದು ಕುಸಿಯುತ್ತದೆ. ಹೊಸ ಲಾಟ್ ಬಂದಾಗ ಹತ್ತು ಬಾಕ್ಸ್ ತೂಗಿ. ತೇವಾಂಶದಿಂದ ಕೆಲವು ಗ್ರಾಂ ಆಚೀಚೆ ಆಗುವುದು ಸಹಜ, ಮಳೆಗಾಲದಲ್ಲಿ ತುಸು ಹೆಚ್ಚೇ ತೂಗುತ್ತದೆ. ಆದರೆ ಸರಾಸರಿ 640ಕ್ಕೆ ಇಳಿದಿದ್ದರೆ ಫೋಟೋ ಸಮೇತ ಅದೇ ದಿನ ಬರೆಯಿರಿ: 'ಈ ಲಾಟ್ 640 ಗ್ರಾಂ ಬಂದಿದೆ, ಪೇಪರ್ ಬದಲಾಗಿದೆಯೇ ಸಾರ್?' ಕಾಗದ ಸಿಗದೆ ಬದಲಾಯಿಸಿದ್ದರೆ ಅವರು ಹೇಳುತ್ತಾರೆ. ಆಗ ಆ ಲಾಟಿನ ದರದ ಬಗ್ಗೆ ಮಾತಾಡಬಹುದು.